ಹನ್ನೆರಡನೇ ಕಂತನ್ನು ಕಟ್ಟಿದ್ದು ಯಾರು?

ಕಳೆದ ವರ್ಷ ನಮ್ಮ ಅಮ್ಮಿಯನ್ನು ಒಡವೆ ಚೀಟಿಗೆ ಸೇರಿಸಿದವಳು ನಾನೇ. ಆಗ ನಾನು ಫಸ್ಟ್ ಪಿಯುಸಿ ಕಾಮರ್ಸ್. ಅಜ್ಜೀಪುರದಿಂದ ಪೇಟೆಗೆ ಹೋದಾಗ ಒಂದು ಒಡವೆ ಅಂಗಡಿಯವರು ಗುಲಾಬಿ ಬಣ್ಣದ ಒಂದು ಚೀಟಿ ಕೊಟ್ಟಿದ್ದರು: "11 ಕಂತು ನೀವು ಕಟ್ಟಿ, 12ನೇ ಕಂತು ನಾವು ಕಟ್ಟುತ್ತೇವೆ." ಆಪಾಳ ನಿಕಾಹ್ ಗೊತ್ತಾಗಿತ್ತು. ಅಮ್ಮಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ತಿಂಗಳಿಗೆ ಎರಡು ಸಾವಿರ ಎತ್ತಿಡುವುದು ಕಷ್ಟವಾದರೂ ಆಗದ ಮಾತಲ್ಲ. "22 ಸಾವಿರ ಕಟ್ಟಿದರೆ 24 ಸಾವಿರದ ಒಡವೆ ಬರುತ್ತದೆ, ಶೇ. 9 ಲಾಭ" ಎಂದು ನಾನು ಹೇಳಿದೆ. ಅಮ್ಮಿ ಸೇರಿದರು. ಅಂಗಡಿಯ ಹೆಸರು ಇಲ್ಲಿ ಬೇಡ. ಇಂಥ ಚೀಟಿ ನಡೆಸುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ, ಆ ಅಂಗಡಿಯವರು ನಮಗೆ ಸುಳ್ಳನ್ನೂ ಹೇಳಲಿಲ್ಲ.

ನಾನು ಹೇಳಿದ ಶೇ. 9 ತಪ್ಪು ಎಂದು ನನಗೆ ಗೊತ್ತಾದದ್ದು ಈ ವರ್ಷ, ಅಕೌಂಟೆನ್ಸಿ ಕ್ಲಾಸಿನಲ್ಲಿ. ಪಾಲುದಾರಿಕೆ ಅಧ್ಯಾಯದಲ್ಲಿ ಪಾಲುದಾರನ ಹಣದೆತ್ತುವಳಿಯ ಮೇಲೆ ಬಡ್ಡಿ ಹಾಕುವ ಲೆಕ್ಕ ಬರುತ್ತದಲ್ಲ, ಅದೇ. ಪ್ರತಿ ತಿಂಗಳು ಎತ್ತಿದ ಹಣಕ್ಕೆ ಇಡೀ ವರ್ಷದ ಬಡ್ಡಿ ಹಾಕಬಾರದು, ಯಾವ ತಿಂಗಳ ಹಣ ಎಷ್ಟು ತಿಂಗಳು ಹೊರಗಿತ್ತೋ ಅಷ್ಟಕ್ಕೆ ಮಾತ್ರ ಹಾಕಬೇಕು ಎಂದು ಮೇಡಂ ಬೋರ್ಡಿನ ಮೇಲೆ ಪ್ರಾಡಕ್ಟ್ ವಿಧಾನ ಮಾಡಿ ತೋರಿಸಿದರು. ನನ್ನ ತಲೆಯಲ್ಲಿ ಅಮ್ಮಿಯ ಕಾರ್ಡ್ ಓಡುತ್ತಿತ್ತು. ಅಮ್ಮಿ 22 ಸಾವಿರವನ್ನು ಮೊದಲ ದಿನವೇ ಕೊಟ್ಟಿರಲಿಲ್ಲವಲ್ಲ! ಜುಲೈನಲ್ಲಿ ಕೊಟ್ಟ ಎರಡು ಸಾವಿರ ಅಂಗಡಿಯಲ್ಲಿ 11 ತಿಂಗಳು ಇತ್ತು. ಆಗಸ್ಟಿನದು 10 ತಿಂಗಳು. ಹೀಗೇ ಇಳಿಯುತ್ತಾ ಮೇ ತಿಂಗಳ ಕಂತು ಇದ್ದದ್ದು ಒಂದೇ ಒಂದು ತಿಂಗಳು. ಜೂನ್‌ನಲ್ಲಿ ಒಡವೆ ತೆಗೆದುಕೊಂಡರು.

11ರಿಂದ 1ರವರೆಗೆ ಕೂಡಿಸಿದರೆ 66 ಬರುತ್ತದೆ. ಅದನ್ನು 11 ಕಂತಿನಿಂದ ಭಾಗಿಸಿದರೆ 6. ಅಂದರೆ ಅಮ್ಮಿಯ ಒಂದೊಂದು ಕಂತೂ ಸರಾಸರಿ ಆರು ತಿಂಗಳು ಮಾತ್ರ ಅಂಗಡಿಯಲ್ಲಿತ್ತು. 22 ಸಾವಿರಕ್ಕೆ ಎರಡು ಸಾವಿರ, ಅಂದರೆ ಶೇ. 9.09, ಸಿಕ್ಕಿದ್ದು ಆರು ತಿಂಗಳಿಗೆ. ವರ್ಷದ ಲೆಕ್ಕಕ್ಕೆ ತಂದರೆ ಅದರ ಎರಡರಷ್ಟು, ಶೇ. 18.18. ಇದು ಸರಳ ಬಡ್ಡಿಯ ಲೆಕ್ಕ. ಫಸ್ಟ್ ಪಿಯುಸಿ ಬೇಸಿಕ್ ಮ್ಯಾಥ್ಸ್‌ನಲ್ಲಿ ಓದಿದ ಆನ್ಯುಯಿಟಿಯ ರೀತಿಯಲ್ಲಿ, ಚಕ್ರಬಡ್ಡಿ ಹಿಡಿದು ಮಾಡಬೇಕೆಂದರೆ ದರವನ್ನು ಊಹಿಸಿ ಊಹಿಸಿ ಹುಡುಕಬೇಕಾಗುತ್ತದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್ ತೆರೆದು ಒಂದು ಸಾಲು ಟೈಪ್ ಮಾಡಿದರೆ ಆ ಕೆಲಸ ಅದೇ ಮಾಡಿಕೊಡುತ್ತದೆ:

```
=RATE(11,-2000,0,24000,1)
```

ಇಲ್ಲಿ 11 ಎಂದರೆ ಕಂತುಗಳು, ಮೈನಸ್ 2000 ನಮ್ಮ ಕೈಯಿಂದ ಹೋದದ್ದು, 24000 ಕೊನೆಗೆ ಬಂದದ್ದು, ಕೊನೆಯ 1 ಎಂದರೆ ಕಂತನ್ನು ತಿಂಗಳ ಆರಂಭದಲ್ಲೇ ಕಟ್ಟಿದ್ದು. ಉತ್ತರ ತಿಂಗಳಿಗೆ ಸುಮಾರು ಶೇ. 1.44. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಶೇ. 17.3. ಸರಳ ಬಡ್ಡಿಯ 18ಕ್ಕೂ ಇದಕ್ಕೂ ವ್ಯತ್ಯಾಸವಿದೆಯಲ್ಲ ಎಂದು ಗಾಬರಿಯಾಗಬೇಡಿ. ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ಅದೇ ಎರಡು ಸಾವಿರವನ್ನು ಮುಟ್ಟಲು ಸ್ವಲ್ಪ ಕಡಿಮೆ ದರ ಸಾಕಾಗುತ್ತದೆ, ಅಷ್ಟೇ.

ಆ ದಿನ ಬಸ್ಸಿನಲ್ಲಿ ಊರಿಗೆ ವಾಪಸು ಬರುವಾಗ ನನಗೆ ಆಗಿದ್ದ ಖುಷಿ ಹೇಳತೀರದು. ಶೇ. 17 ಯಾವ ಬ್ಯಾಂಕು ಕೊಡುತ್ತದೆ? ಮನೆಗೆ ಹೋಗಿ ಅಮ್ಮಿಗೆ, ಆಪಾಗೆ, ಪಕ್ಕದ ಮನೆಯವರಿಗೆಲ್ಲ ಹೇಳಿದೆ. ಅಬ್ಬಾ ಮಾತ್ರ ಗೂಡ್ಸ್ ಆಟೋ ತೊಳೆಯುತ್ತಾ, "ಯೇ ಸೂದ್ ತೋ ನೈ ನಾ?" ಎಂದು ಕೇಳಿದರು. ಇದು ಬಡ್ಡಿ ಅಲ್ಲ ತಾನೇ ಎಂದು. ಅಂಗಡಿಯವರು ಬಡ್ಡಿ ಅಲ್ಲ, ಡಿಸ್ಕೌಂಟ್ ಎಂದಿದ್ದಾರೆ ಎಂದು ನಾನು ಹೇಳಿದೆ. ಅದರ ಶರೀಅತ್ತಿನ ತೀರ್ಮಾನ ತಿಳಿದವರಿಗೆ ಬಿಟ್ಟದ್ದು, ನನ್ನಂಥವಳು ಅದರಲ್ಲಿ ಬಾಯಿ ಹಾಕುವಂತಿಲ್ಲ. ಆದರೆ ಅಬ್ಬಾ ಕೇಳಿದ ಪ್ರಶ್ನೆಯಿಂದ ಕಾಮರ್ಸಿನ ಒಂದು ಪ್ರಶ್ನೆ ನನಗೆ ಹುಟ್ಟಿತು. ಡಿಸ್ಕೌಂಟ್ ಎಂದಾದರೆ ಅದು ಯಾವ ಬೆಲೆಯ ಮೇಲೆ? ಬೆಲೆಯನ್ನು ಮೊದಲು ಮೇಲೆತ್ತಿ ಆಮೇಲೆ ಇಳಿಸಿದರೆ ಅದು ಡಿಸ್ಕೌಂಟೂ ಅಲ್ಲವಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ಜೂನ್‌ನಲ್ಲಿ, ಒಡವೆಯ ಬಿಲ್ ಕೈಗೆ ಬಂದಾಗ.

ಅಮ್ಮಿ ಆಪಾಳಿಗೆ ಒಂದು ಜೊತೆ ಜುಮ್ಕಿ ತೆಗೆದುಕೊಂಡರು. ಬಿಲ್ 24 ಸಾವಿರಕ್ಕಿಂತ ಸ್ವಲ್ಪ ಹೆಚ್ಚಾಯಿತು, ಮೇಲಿನ ಚಿಲ್ಲರೆಯನ್ನು ಅಬ್ಬಾ ಕೊಟ್ಟರು. ಲೆಕ್ಕಕ್ಕೆ ಆ 24 ಸಾವಿರವನ್ನೇ ಹಿಡಿಯುತ್ತೇನೆ. ಬಿಲ್ಲಿನಲ್ಲಿ ಚಿನ್ನದ ತೂಕ, ಅವತ್ತಿನ ದರ, ಅದರ ಕೆಳಗೆ "ವೇಸ್ಟೇಜ್ 16%", ಕೊನೆಗೆ ಜಿಎಸ್‌ಟಿ. ವೇಸ್ಟೇಜ್ ಎಂದರೆ ಒಡವೆ ಮಾಡುವಾಗ ಚಿನ್ನ ಸವೆಯುತ್ತದೆ ಎಂಬ ಲೆಕ್ಕದಲ್ಲಿ, ಕೂಲಿಯನ್ನೂ ಸೇರಿಸಿ, ಚಿನ್ನದ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಎಂದು ಹಾಕುವುದು. ನೂರು ರೂಪಾಯಿಯ ಚಿನ್ನಕ್ಕೆ ನಾವು 116 ಕೊಟ್ಟೆವು ಎಂದರ್ಥ. ಜುಮ್ಕಿ ಎಂದರೆ ಕೈಕೆಲಸ ಹೆಚ್ಚು, ಅಷ್ಟು ಬೀಳುತ್ತದೆ ಎಂದು ಅಂಗಡಿಯವರು ಹೇಳಿದರು, ನಾವು ಒಪ್ಪಿಕೊಂಡೆವು.

ಎರಡು ವಾರದ ನಂತರ ಖಾಲಾ ಬಂದರು. ಅವರೂ ತಮ್ಮ ಮಗಳಿಗೆ ಹೆಚ್ಚುಕಡಿಮೆ ಅದೇ ಮಾದರಿಯ ಜುಮ್ಕಿ ತಂದಿದ್ದರು, ಆದರೆ ಬೇರೆ ಅಂಗಡಿಯಿಂದ. ಚೀಟಿ ಗೀಟಿ ಏನೂ ಇಲ್ಲದ ಸಣ್ಣ ಅಂಗಡಿ. ಅವರ ಬಿಲ್ಲಿನಲ್ಲಿ ವೇಸ್ಟೇಜ್ ಶೇ. 8. ನಾನು ಎರಡು ಬಿಲ್ಲನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟೆ.

ಚಿನ್ನದ ದರ ದಿನಾ ಬದಲಾಗುತ್ತದೆ, ಎರಡು ಬಿಲ್ಲನ್ನು ಹೇಗೆ ಹೋಲಿಸುವುದು ಎಂದು ಮೊದಲು ಕೈಕಟ್ಟಿ ಕೂತೆ. ಆಮೇಲೆ ಗೊತ್ತಾಯಿತು, ದರವೇ ಬೇಕಿಲ್ಲ. ಒಂದೇ ದಿನ, ಒಂದೇ ದರದಲ್ಲಿ ಎರಡೂ ಅಂಗಡಿಗೆ ಹೋದೆವು ಎಂದುಕೊಂಡರೆ ಸಾಕು. ಜಿಎಸ್‌ಟಿ ಎರಡು ಕಡೆಯೂ ಒಂದೇ ಪ್ರಮಾಣದಲ್ಲಿ ಸೇರುತ್ತದೆ, ಅದನ್ನೂ ಬಿಡಬಹುದು. ಉಳಿಯುವುದು 116 ಮತ್ತು 108 ಮಾತ್ರ. ಅಮ್ಮಿಯ ಅಂಗಡಿಯಲ್ಲಿ 116 ರೂಪಾಯಿಗೆ ಸಿಗುವ ಒಡವೆ ಖಾಲಾ ಹೋದ ಅಂಗಡಿಯಲ್ಲಿ 108 ರೂಪಾಯಿಗೆ ಸಿಗುತ್ತದೆ. ಹಾಗಾದರೆ ಅಮ್ಮಿಯ 24,000ದ ಜುಮ್ಕಿ ಅಲ್ಲಿ ಎಷ್ಟಕ್ಕೆ ಸಿಗುತ್ತಿತ್ತು? 24,000ವನ್ನು 116ರಿಂದ ಭಾಗಿಸಿ 108ರಿಂದ ಗುಣಿಸಿದೆ. ಬಂದದ್ದು 22,345 ರೂಪಾಯಿ.

ನಾನು ಮೂರು ಸಲ ಮಾಡಿ ನೋಡಿದೆ. ಅಮ್ಮಿ ಕಟ್ಟಿದ್ದು 22,000. ಚೀಟಿಯಿಂದ ನಿಜವಾಗಿ ಸಿಕ್ಕ ಲಾಭ ಎರಡು ಸಾವಿರ ಅಲ್ಲ, 345 ರೂಪಾಯಿ. ಉಳಿದ 1,655 ರೂಪಾಯಿ ವೇಸ್ಟೇಜ್ ಎಂಬ ಒಂದೇ ಸಾಲಿನಲ್ಲಿ ವಾಪಸು ಹೋಗಿತ್ತು. ಸರಾಸರಿ ಆರು ತಿಂಗಳಿಗೆ 22 ಸಾವಿರಕ್ಕೆ 345 ಎಂದರೆ ವರ್ಷಕ್ಕೆ ಶೇ. 3ಕ್ಕಿಂತ ಒಂದಿಷ್ಟು ಮೇಲೆ. ಊರೆಲ್ಲ ಡಂಗುರ ಹೊಡೆದುಕೊಂಡು ಬಂದಿದ್ದ ಶೇ. 18 ಅದಾಗಿತ್ತು.

ಅಂಗಡಿಯವರು ವೇಸ್ಟೇಜನ್ನು ಇನ್ನೂ ಸ್ವಲ್ಪ ಏರಿಸಿದ್ದರೆ ಏನಾಗುತ್ತಿತ್ತು ಎಂದೂ ನೋಡಿದೆ. ಲಾಭ ಪೂರ್ತಿ ಸೊನ್ನೆಯಾಗುವ ಜಾಗ ಯಾವುದು? 12 ಕಂತಿನ ಒಡವೆ ಬೇರೆ ಕಡೆ ಸರಿಯಾಗಿ 11 ಕಂತಿನ ಹಣಕ್ಕೆ ಸಿಗುವ ಜಾಗ. ಖಾಲಾಳ ಅಂಗಡಿಯ 108ನ್ನು 12ರಿಂದ ಗುಣಿಸಿ 11ರಿಂದ ಭಾಗಿಸಿದರೆ 117.8. ಅಂದರೆ ಶೇ. 18ರ ಹತ್ತಿರ ವೇಸ್ಟೇಜ್ ಹಾಕಿದರೆ 12ನೇ ಕಂತನ್ನು ಅಂಗಡಿಯವರು ಕಟ್ಟಿಲ್ಲ, ಅಮ್ಮಿಯೇ ಕಟ್ಟಿದ್ದಾರೆ, ಬಿಲ್ ಹಾಕುವಾಗ. ಅದಕ್ಕಿಂತ ಮೇಲೆ ಹೋದರೆ ಡಬ್ಬಿಯಲ್ಲಿ ಹಣ ಇಟ್ಟುಕೊಂಡವರೇ ಗೆದ್ದಂತೆ. ಈ ಒಂದು ಲೆಕ್ಕ ಮಾತ್ರ ನಮ್ಮ ಕ್ಲಾಸಿನವರೆಲ್ಲ ಮನೆಯಲ್ಲಿ ಮಾಡಿ ನೋಡಬೇಕು ಎಂದು ನನ್ನ ಆಸೆ: ಬೇರೆ ಅಂಗಡಿಯಲ್ಲಿ ಅದೇ ಒಡವೆಗೆ ವೇಸ್ಟೇಜ್ ಎಷ್ಟು ಎಂದು ಕೇಳಿ, ಅದಕ್ಕೆ ನೂರು ಕೂಡಿಸಿ, 12ರಿಂದ ಗುಣಿಸಿ 11ರಿಂದ ಭಾಗಿಸಿ. ಚೀಟಿಯ ಅಂಗಡಿಯ ವೇಸ್ಟೇಜ್ ಆ ಗೆರೆಗೆ ಎಷ್ಟು ಹತ್ತಿರವಿದೆಯೋ, ನಿಮ್ಮ ಲಾಭ ಅಷ್ಟು ಕಡಿಮೆ.

ಹಾಗಾದರೆ ಅಂಗಡಿಯವರು ಮೋಸ ಮಾಡಿದರೇ? ಹಾಗೆ ಬರೆಯಲು ನಾನು ತಯಾರಿಲ್ಲ. 24 ಸಾವಿರದ ಒಡವೆ ಕೊಡುತ್ತೇವೆ ಎಂದಿದ್ದರು, ಕೊಟ್ಟರು. ಗುಲಾಬಿ ಚೀಟಿಯಲ್ಲಿ ವೇಸ್ಟೇಜಿನ ಮಾತೇ ಇರಲಿಲ್ಲ, ನಾವೂ ಕೇಳಲಿಲ್ಲ. ಆದರೆ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ನಾಣ್ಯ ಅಥವಾ ಬಿಸ್ಕತ್ತು ಕೊಡಲಾಗುವುದಿಲ್ಲ, ಒಡವೆ ಮಾತ್ರ. ಆಗ ಅದನ್ನು ಓದಿ ಮುಂದೆ ಹೋಗಿದ್ದೆ. ಈಗ ಅದರ ಅರ್ಥ ಆಗುತ್ತದೆ. ನಾಣ್ಯಕ್ಕೆ ಹೆಚ್ಚು ಕೂಲಿ ಹಾಕಲು ಬರುವುದಿಲ್ಲ. ಎರಡು ಸಾವಿರವನ್ನು ವಾಪಸು ಪಡೆಯುವ ದಾರಿ ಇರುವುದು ಒಡವೆಯಲ್ಲಿ ಮಾತ್ರ.

ಇನ್ನೊಂದು ವಿಷಯ ನನ್ನ ಕುತೂಹಲ ಕೆರಳಿಸಿತು. ಎಲ್ಲರೂ ಯಾಕೆ 11 ತಿಂಗಳು ಎನ್ನುತ್ತಾರೆ, 24 ತಿಂಗಳ ಚೀಟಿ ಯಾಕಿಲ್ಲ? 2013ರ ಕಂಪನಿ ಕಾಯ್ದೆಯ ಕೆಳಗೆ 2014ರಲ್ಲಿ ಬಂದ ಠೇವಣಿ ನಿಯಮಗಳಲ್ಲಿ ಇದಕ್ಕೆ ಕಾರಣವಿದೆ. ಕಂಪನಿಯೊಂದು ಸರಕು ಕೊಡುತ್ತೇನೆಂದು ಮುಂಗಡ ಹಣ ತೆಗೆದುಕೊಂಡರೆ 365 ದಿನದೊಳಗೆ ಆ ಸರಕಿಗೆ ಹಣವನ್ನು ಹೊಂದಿಸಬೇಕು. ಇಲ್ಲದಿದ್ದರೆ ಅದು ಮುಂಗಡವಲ್ಲ, ಠೇವಣಿ ಎಂದಾಗುತ್ತದೆ, ಆಗ ಠೇವಣಿಯ ಕಟ್ಟುಪಾಡುಗಳೆಲ್ಲ ಬರುತ್ತವೆ. ಟೈಟಾನ್ ಕಂಪನಿಯ ತನಿಷ್ಕ್ ಕೂಡ ಆ ವರ್ಷ ತನ್ನ 'ಗೋಲ್ಡನ್ ಹಾರ್ವೆಸ್ಟ್' ಯೋಜನೆಯ ಹಳೆಯ ರೂಪವನ್ನು ನಿಲ್ಲಿಸಿ, 10 ಕಂತಿನ ಹೊಸ ರೂಪ ತಂದಿತು. ಈ ನಿಯಮ ಕಂಪನಿಗಳಿಗೆ. ಒಬ್ಬರೇ ಮಾಲೀಕರಿರುವ ಪೇಟೆಯ ಅಂಗಡಿ ಕಂಪನಿಯಲ್ಲ, ಆದರೂ ಅದೇ 11 ತಿಂಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ.

ಠೇವಣಿಯಲ್ಲ ಎಂಬುದರ ಇನ್ನೊಂದು ಮುಖ ನಮಗೆ ಸಂಬಂಧಪಟ್ಟದ್ದು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಅಂಗಡಿಗೆ ಕೊಟ್ಟ ಮುಂಗಡಕ್ಕೆ ಅಂಥದ್ದೇನೂ ಇಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದದ್ದು ನಮ್ಮ ಮನೆಗಳಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಅದು ಈ ಥರದ ಕಂತಿನ ಚೀಟಿಯಲ್ಲ, ಬಡ್ಡಿಯಲ್ಲ ಲಾಭದ ಪಾಲು ಎಂದು ಹೇಳಿ ಹಣ ತೆಗೆದುಕೊಂಡ ಸಂಸ್ಥೆ. ಆದರೆ ಅವರದೂ ಒಂದು ಒಡವೆ ಅಂಗಡಿ ಇತ್ತು, ಹೊಳೆಯುವ ಶೋರೂಮ್ ನೋಡಿ ನಂಬಿದವರು ಬಹಳ ಜನ. ಶೇ. 17ರ ಪಕ್ಕದಲ್ಲಿ ಈ ಮಾತನ್ನೂ ಇಟ್ಟು ನೋಡಬೇಕು. ಹೆಚ್ಚಿನ ದರದಲ್ಲಿ ಒಂದು ಪಾಲು ಅಪಾಯಕ್ಕೆ ಕೊಡುವ ಬೆಲೆ.

ಕಂತು ತಪ್ಪಿದರೆ ಈ ಲೆಕ್ಕವೇ ಇಲ್ಲ. ನಮ್ಮ ಬೀದಿಯ ಒಬ್ಬರು ಮುಸುಕಿನ ಜೋಳ ಕೈಕೊಟ್ಟ ವರ್ಷ ಐದನೇ ಕಂತಿಗೆ ನಿಲ್ಲಿಸಿದರು. ಕಟ್ಟಿದಷ್ಟು ಹಣಕ್ಕೆ ಒಡವೆ ಸಿಕ್ಕಿತು, ಅದೂ 11 ತಿಂಗಳು ಮುಗಿದ ಮೇಲೆ, ಬೋನಸ್ ಇಲ್ಲ. ಅವರಿಗೆ ಸಿಕ್ಕ ದರ ಸೊನ್ನೆ. ಪೂರ್ತಿ ಕಟ್ಟಿ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಂಡು ಕೂರುವವರೂ ಕಳೆದುಕೊಳ್ಳುತ್ತಾರೆ. ಅಮ್ಮಿ ಇನ್ನು ಮೂರು ತಿಂಗಳು ತಡ ಮಾಡಿದ್ದರೆ ಆರು ತಿಂಗಳ ಸರಾಸರಿ ಒಂಬತ್ತಾಗುತ್ತಿತ್ತು, ಎರಡು ಸಾವಿರ ಮಾತ್ರ ಹಾಗೇ ಇರುತ್ತಿತ್ತು, ಶೇ. 18 ಎಂದು ನಾನು ಹೇಳಿದ್ದು ಶೇ. 12ಕ್ಕೆ ಇಳಿಯುತ್ತಿತ್ತು. ಅಷ್ಟರಲ್ಲಿ ಚಿನ್ನದ ದರ ಏರಿದರೆ ಅದೂ ನಮ್ಮ ತಲೆಗೇ. ಅಮ್ಮಿಯ ಕಾರ್ಡಿನಲ್ಲಿ ಜಮಾ ಆಗುತ್ತಿದ್ದದ್ದು ರೂಪಾಯಿ, ಗ್ರಾಂ ಅಲ್ಲ. ಪ್ರತಿ ಕಂತಿಗೂ ಅವತ್ತಿನ ದರದಲ್ಲಿ ಗ್ರಾಂ ಬರೆದುಕೊಡುವ ಚೀಟಿಗಳೂ ಇವೆ, ಅವು ಬೇರೆ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೆ ಅಮ್ಮಿಯ ವಾದವನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. 345 ರೂಪಾಯಿಯ ಲೆಕ್ಕ ತೋರಿಸಿದಾಗ ಅವರು ಹೊಲಿಗೆ ನಿಲ್ಲಿಸದೆ ಕೇಳಿದರು: ಆ ಹಣ ಡಬ್ಬಿಯಲ್ಲಿದ್ದರೆ ಜೂನ್‌ವರೆಗೆ ಉಳಿಯುತ್ತಿತ್ತಾ? ನಿನ್ನ ಕಾಲೇಜಿನ ಫೀಸು, ಅಬ್ಬಾನ ಆಟೋ ಟೈರು, ಯಾವುದಕ್ಕೆ ಹೋಗುತ್ತಿತ್ತು ಹೇಳು. ನನ್ನ ಬಳಿ ಉತ್ತರವಿರಲಿಲ್ಲ. ಪ್ರಾಡಕ್ಟ್ ವಿಧಾನದಲ್ಲಿ ಈ ಮಾತಿಗೆ ಕಾಲಂ ಇಲ್ಲ. ಹಣ ಕೈಗೆ ಸಿಗದಂತೆ ಇಡುವುದಕ್ಕೂ ಒಂದು ಬೆಲೆಯಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಮ್ಮಿ ಕೊಟ್ಟ ಆ ಬೆಲೆ 1,655 ರೂಪಾಯಿ, ಅವರ ಹಲವು ಬ್ಲೌಸಿನ ಕೂಲಿ. ಅದು ಕೊಡುವಾಗ ಅವರಿಗೆ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ನನ್ನ ತಕರಾರು ಅಷ್ಟೇ. ಚೀಟಿಯ ಮೇಲೆ 12ನೇ ಕಂತನ್ನು ಅಷ್ಟು ದಪ್ಪಕ್ಷರದಲ್ಲಿ ಮುದ್ರಿಸುವವರು, ಚೀಟಿ ಹಣಕ್ಕೆ ಒಡವೆ ತೆಗೆದುಕೊಂಡರೆ ವೇಸ್ಟೇಜ್ ಗರಿಷ್ಠ ಎಷ್ಟು ಎಂಬುದನ್ನೂ ಅದರ ಪಕ್ಕದಲ್ಲೇ ಮುದ್ರಿಸಬೇಕು. ಅದಿಲ್ಲದ ಚೀಟಿಗೆ ಶೇ. 17 ಅಲ್ಲ, ಯಾವ ಪರ್ಸೆಂಟೂ ಹೇಳಲು ಬರುವುದಿಲ್ಲ. ಕೊನೆಯ ಅಂಕಿ ಅಂಗಡಿಯವರ ಕೈಯಲ್ಲೇ ಉಳಿದಿರುತ್ತದೆ.

ಕಳೆದ ವಾರ ಹೊಸ ಚೀಟಿಗೆ ಸೇರಿಸಲು ಅದೇ ಅಂಗಡಿಯವರು ಫೋನ್ ಮಾಡಿದ್ದರು. ಅಮ್ಮಿ ನನ್ನನ್ನೂ ಕರೆದುಕೊಂಡು ಹೋದರು. ಫಾರಂ ತುಂಬುವ ಮೊದಲು, "ವೇಸ್ಟೇಜ್ ಎಷ್ಟು ಹಾಕುತ್ತೀರಿ ಅಂಕಲ್? ಇದರ ಹಿಂದೆ ಬರೆದುಕೊಡಿ" ಎಂದು ನಾನು ಕೇಳಿದೆ. ಅವರು ನಕ್ಕರು. "ಅದು ಐಟಂ ಮೇಲೆ ಹೋಗ್ತದೆ ಕಣಮ್ಮ, ಈಗ್ಲೇ ಹೆಂಗೆ ಹೇಳದು" ಎಂದರು. ಜುಮ್ಕಿಗೆ ಮಾತ್ರ ಹೇಳಿ ಎಂದೆ. ಆಗ ನೋಡೋಣ ಎಂದರು. ಅಮ್ಮಿ ಫಾರಂ ಅನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅದು ಈಗ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ, ಇನ್ನೂ ತುಂಬಿಲ್ಲ.